ಒಂದೇ ಕಾದಂಬರಿ, ಮೂರು ಇಳಿಜಾರು: ಯಾವುದನ್ನು ನಂಬಲಿ?

ಪ್ರಶ್ನೆ: ನಮ್ಮ ತಂದೆಯವರು ಬರೆದು ಪ್ರಕಟಿಸದೆ ಬಿಟ್ಟುಹೋದ ಕಾದಂಬರಿಯನ್ನು ಈಚೆಗೆ ಟೈಪ್ ಮಾಡಿ ಮುಗಿಸಿದೆವು. ಸುಮಾರು 86,000 ಪದಗಳಿವೆ. ಕುತೂಹಲಕ್ಕೆಂದು ಪದಗಳನ್ನು ಎಣಿಸಿ, ಹೆಚ್ಚು ಬಾರಿ ಬಂದದ್ದನ್ನು ಮೊದಲಿಟ್ಟು ಸಾಲಾಗಿ ಜೋಡಿಸಿ, ಲಾಗ್-ಲಾಗ್ ನಕ್ಷೆ ಹಾಕಿದೆ. ಪದದ ಎಣಿಕೆ ಅದರ ಸ್ಥಾನಕ್ಕೆ ವಿಲೋಮವಾಗಿ ಇಳಿಯುತ್ತದೆ ಎನ್ನುವ ಜಿಫ್ ನಿಯಮದ ಪ್ರಕಾರ ಇಳಿಜಾರು −1 ಇರಬೇಕೆಂದು ಓದಿದ್ದೆ. ಪೈಥಾನಿನ `\w+` ಬಳಸಿದಾಗ −1.19 ಬಂತು. ಖಾಲಿ ಜಾಗದಲ್ಲಿ ಕತ್ತರಿಸಿ, ವಿರಾಮಚಿಹ್ನೆ ತೆಗೆದಾಗ −0.77 (R² 0.93). `powerlaw` ಎಂಬ ಪ್ಯಾಕೇಜ್ 2.2 ಎನ್ನುತ್ತದೆ. ಕನ್ನಡ ಜಿಫ್ ನಿಯಮಕ್ಕೆ ಒಗ್ಗುವುದಿಲ್ಲ ಎಂದು ಒಬ್ಬ ಗೆಳೆಯ ಹೇಳಿದರೆ, ಇಳಿಜಾರು ಕಡಿಮೆ ಇದ್ದಷ್ಟೂ ಲೇಖಕರ ಪದಸಂಪತ್ತು ಹೆಚ್ಚು ಎಂದು ಇನ್ನೊಬ್ಬರು ಹೇಳುತ್ತಾರೆ. ಎರಡನೆಯದು ನಿಜವಾದರೆ ಮುನ್ನುಡಿಯಲ್ಲಿ ಬರೆಯುವ ಆಸೆ. ಎಣಿಕೆಯ ಕಡತ ಲಗತ್ತಿಸಿದ್ದೇನೆ.

ಉತ್ತರ: ಮೊದಲು −1.19ನ್ನು ಪಕ್ಕಕ್ಕಿಡೋಣ, ಏಕೆಂದರೆ ಅದು ಪದಗಳ ಎಣಿಕೆಯೇ ಅಲ್ಲ. ನಿಮ್ಮ ಆ ಪಟ್ಟಿಯ ನೆತ್ತಿಯಲ್ಲಿ ಏನಿದೆ ನೋಡಿ: ‘ದ’, ‘ರ’, ‘ನ’, ‘ವ’, ‘ತ’. ಇವು ಯಾವ ಕಾದಂಬರಿಯಲ್ಲೂ ಅತಿ ಹೆಚ್ಚು ಬರುವ ಪದಗಳಲ್ಲ. ಪೈಥಾನಿನೊಂದಿಗೆ ಬರುವ `re` ಎಂಬುದು `\w` ಎಂದರೆ ಅಕ್ಷರ, ಅಂಕಿ ಮತ್ತು ಅಡಿಗೆರೆ ಎಂದು ತಿಳಿಯುತ್ತದೆ. ನಮ್ಮ ಸ್ವರಚಿಹ್ನೆಗಳನ್ನೂ ಒತ್ತಕ್ಷರ ಕಟ್ಟುವ ‘್’ ಎಂಬ ವಿರಾಮವನ್ನೂ ಯುನಿಕೋಡ್ ಅಕ್ಷರಗಳ ಸಾಲಿನಲ್ಲಿ ಇಡದೆ ಚಿಹ್ನೆಗಳ ಸಾಲಿನಲ್ಲಿಟ್ಟಿದೆ. ಆದ್ದರಿಂದ ಪ್ರತಿ ಚಿಹ್ನೆಯ ಬಳಿ ಪದ ತುಂಡಾಗುತ್ತದೆ. ‘ಕನ್ನಡ’ ಎಂಬುದು ‘ಕನ’, ‘ನಡ’ ಎಂದು ಎರಡಾಗುತ್ತದೆ. ‘ಮಾಡಿದನು’ ಎಂಬುದು ‘ಮ’, ‘ಡ’, ‘ದನ’ ಎಂದು ಮೂರಾಗುತ್ತದೆ. ‘ಹೋಗುತ್ತಾನೆ’ ಐದು ಒಂಟಿ ವ್ಯಂಜನಗಳಾಗಿ ಉದುರುತ್ತದೆ.

ಹೀಗೆ ಉದುರಿದ ಚೂರುಗಳಲ್ಲಿ ಒಂದಕ್ಷರದವು ಬೆರಳೆಣಿಕೆಯಷ್ಟೇ ಬಗೆಯವು, ಆದರೆ ವಿಪರೀತ ಬಾರಿ ಬರುತ್ತವೆ. ಉದ್ದದ ಚೂರುಗಳು ಅಪರೂಪ, ಅವುಗಳ ಬಗೆಗಳೂ ಮಿತ. ಹಾಗಾಗಿ ನಕ್ಷೆಯ ತಲೆ ಎತ್ತರಕ್ಕೆ ಹೋಗಿ ಬಾಲ ಬೇಗ ಕುಸಿಯುತ್ತದೆ, ಇಳಿಜಾರು ಕಡಿದಾಗುತ್ತದೆ. ಕೆಟ್ಟದ್ದೇನೆಂದರೆ ಅದು −1ಕ್ಕೆ ಸಮೀಪವಾಗಿ ಬಂದು ಎಲ್ಲವೂ ಸರಿಯಿದೆ ಎಂಬ ಭ್ರಮೆ ಹುಟ್ಟಿಸುತ್ತದೆ. ನಾನು ಈ ಕೆಲಸ ಶುರು ಮಾಡಿದ ಕಾಲದಲ್ಲಿ ಒಂದು ವಾರ ಇಂಥದೇ ನಕ್ಷೆಯನ್ನು ಗೋಡೆಗೆ ಅಂಟಿಸಿಕೊಂಡು ಹೆಮ್ಮೆಪಟ್ಟಿದ್ದೆ. ಅಲ್ಲಿಂದ ಈಚೆಗೆ ಯಾವ ಗೆರೆ ಎಳೆಯುವ ಮೊದಲೂ ಪಟ್ಟಿಯ ಮೊದಲ ಮೂವತ್ತು ಸಾಲುಗಳನ್ನು ಕಣ್ಣಿಂದ ಓದುತ್ತೇನೆ. ಅಲ್ಲಿ ‘ಆ’, ‘ಈ’, ‘ಒಂದು’, ‘ಎಂದು’, ‘ಮತ್ತು’, ‘ಅವನು’ ತರಹದ ಪದಗಳು ಇರಬೇಕು. ಇಲ್ಲದಿದ್ದರೆ ಮುಂದಿನ ಲೆಕ್ಕವೆಲ್ಲ ದಂಡ.

ಎಣಿಕೆಗೆ ನಾನು ಬಳಸುವುದು ಇಷ್ಟು:

```python
import re, unicodedata
from collections import Counter

s = open("novel.txt", encoding="utf-8").read()
s = unicodedata.normalize("NFC", s)
s = re.sub("[\u200c\u200d]", "", s)
words = re.findall("[\u0C80-\u0CE3]+", s)
table = Counter(words).most_common()
```

ನಡುವಿನ ಎರಡು ಸಾಲುಗಳನ್ನು ಬಿಡಬೇಡಿ. ‘ಕೊ’ ಎಂಬ ಅಕ್ಷರವನ್ನು ಕಂಪ್ಯೂಟರಿನೊಳಗೆ ಎರಡು ರೀತಿ ಬರೆದಿಡಬಹುದು: ‘ೊ’ ಎಂಬ ಒಂದೇ ಚಿಹ್ನೆಯಾಗಿ, ಅಥವಾ ‘ೆ’ ಮತ್ತು ‘ೂ’ ಎಂಬ ಎರಡು ಚಿಹ್ನೆಗಳಾಗಿ. ಪರದೆಯ ಮೇಲೆ ಎರಡೂ ಒಂದೇ. ಎಣಿಸುವಾಗ ಮಾತ್ರ ‘ಕೊನೆ’ ಎರಡು ಬೇರೆ ಪದಗಳಾಗುತ್ತದೆ. `NFC` ಅವುಗಳನ್ನು ಒಂದು ಮಾಡುತ್ತದೆ. ಹಾಗೆಯೇ ‘ಬಸ್‌ಗೆ’ ಎಂದು ಬಿಡಿಸಿ ತೋರಿಸಲು ಕೆಲವರು ಕಣ್ಣಿಗೆ ಕಾಣದ ಒಂದು ಚಿಹ್ನೆ ಸೇರಿಸುತ್ತಾರೆ, ಕೆಲವರು ಸೇರಿಸುವುದಿಲ್ಲ. ಟೈಪ್ ಮಾಡಿದವರು ಇಬ್ಬರು ಮೂವರಿದ್ದರೆ ಈ ಎರಡು ಕಾರಣಗಳಿಂದಲೇ ನೂರಾರು ಪದಗಳು ಇಬ್ಭಾಗವಾಗಿರುತ್ತವೆ.

ಇನ್ನು 2.2. ಇದು ನಿಮ್ಮ −0.77ಕ್ಕೆ ವಿರೋಧಿಯಲ್ಲ, ಬೇರೆ ಪ್ರಶ್ನೆಗೆ ಉತ್ತರ. ನೀವು ಹಾಕಿದ ನಕ್ಷೆಯಲ್ಲಿ ಅಡ್ಡಕ್ಕೆ ಪದದ ಸ್ಥಾನವಿದೆ, ನೇರಕ್ಕೆ ಅದರ ಎಣಿಕೆ. ಪ್ಯಾಕೇಜ್ ನೋಡುವುದು ‘ಇಷ್ಟು ಬಾರಿ ಬಂದ ಪದಗಳು ಎಷ್ಟಿವೆ’ ಎಂಬುದನ್ನು. ಮೊದಲನೆಯದರ ಘಾತ, ಅಂದರೆ ಋಣಚಿಹ್ನೆ ಬಿಟ್ಟ ಇಳಿಜಾರು, a ಆದರೆ ಎರಡನೆಯದರ ಘಾತ 1 + 1/a. ತಿರುಗಿಸಿ ಲೆಕ್ಕ ಹಾಕಿದರೆ 1/(2.2 − 1), ಅಂದರೆ 0.83. ಹಾಗಾದರೂ 0.77 ಅಲ್ಲವಲ್ಲ ಎನ್ನುತ್ತೀರಿ. ನಿಮ್ಮ ಕಡತದ ಕೊನೆಯ ಸಾಲಿನಲ್ಲಿ `xmin` 11 ಎಂದಿದೆ. ಅಂದರೆ ಅದು ಹನ್ನೊಂದಕ್ಕಿಂತ ಕಡಿಮೆ ಬಾರಿ ಬಂದ ಪದಗಳನ್ನೆಲ್ಲ ಬದಿಗಿಟ್ಟು ಉಳಿದ ಸುಮಾರು ಸಾವಿರ ಪದಗಳನ್ನು ಮಾತ್ರ ನೋಡಿದೆ. ಗೆರೆಯ ಒಂದು ತುಂಡನ್ನು ಅದು ಅಳೆದಿದೆ, ಇಡೀ ಗೆರೆಯನ್ನು ನೀವು ಅಳೆದಿದ್ದೀರಿ. ಗೆರೆ ನಿಜಕ್ಕೂ ನೆಟ್ಟಗಿದ್ದರೆ ಎರಡೂ ಹೊಂದಬೇಕಿತ್ತು. ಹೊಂದಲಿಲ್ಲ ಎಂಬುದೇ ಇಲ್ಲಿ ಗಮನಿಸಬೇಕಾದ ಸುದ್ದಿ.

ನಿಮ್ಮ ಕಡತದಿಂದಲೇ ನೋಡೋಣ. ಮೊದಲ ಸ್ಥಾನದ ಪದ 1,400 ಬಾರಿ ಬಂದಿದೆ. ಹತ್ತನೆಯದು 400 ಬಾರಿ, ನೂರನೆಯದು 75 ಬಾರಿ, ಸಾವಿರದದು 11 ಬಾರಿ. ಇಳಿಜಾರನ್ನು ಓದುವ ಅತಿ ಸರಳ ವಿಧಾನವೆಂದರೆ, ಪಟ್ಟಿಯಲ್ಲಿ ಹತ್ತು ಪಟ್ಟು ಕೆಳಗಿಳಿದಾಗ ಎಣಿಕೆ ಎಷ್ಟರಲ್ಲಿ ಒಂದು ಭಾಗಕ್ಕೆ ಇಳಿಯಿತು ಎಂದು ನೋಡುವುದು. ಇಳಿಜಾರು −1 ಆಗಿದ್ದರೆ ಪ್ರತಿ ಸಲವೂ ಹತ್ತರಲ್ಲಿ ಒಂದು ಭಾಗ ಆಗಬೇಕು. ನಿಮ್ಮಲ್ಲಿ ಒಂದರಿಂದ ಹತ್ತಕ್ಕೆ ಇಳಿದಾಗ ಎಣಿಕೆ ಮೂರೂವರೆ ಪಟ್ಟು ಕಡಿಮೆಯಾಗಿದೆ, ಹತ್ತರಿಂದ ನೂರಕ್ಕೆ ಸುಮಾರು ಐದೂ ಕಾಲು ಪಟ್ಟು, ನೂರರಿಂದ ಸಾವಿರಕ್ಕೆ ಸುಮಾರು ಏಳು ಪಟ್ಟು. ಇಳಿಜಾರಿನ ಭಾಷೆಯಲ್ಲಿ −0.54, −0.73, −0.83. ಗೆರೆ ಕೆಳಗಿಳಿದಂತೆ ಬಾಗುತ್ತಿದೆ. ಪ್ಯಾಕೇಜಿನ 0.83 ಎಲ್ಲಿಂದ ಬಂತೆಂಬುದು ಈಗ ತಿಳಿಯಿತು: ಅದು ನೋಡಿದ ಸಾವಿರ ಪದಗಳಲ್ಲಿ ಒಂಬೈನೂರು ಈ ಮೂರನೆಯ ತುಂಡಿನವೇ.

ತಲೆಯ ಕಡೆಗಿನ ಈ ಬಾಗು ಹೊಸ ಸಂಗತಿಯಲ್ಲ. ಫ್ರಾನ್ಸಿನ ಶೀಘ್ರಲಿಪಿಕಾರ ಎಸ್ತೂಪ್ 1916ರ ಹೊತ್ತಿಗೇ ಪದಗಳ ಸ್ಥಾನಕ್ಕೂ ಎಣಿಕೆಗೂ ಇರುವ ಸಂಬಂಧ ಕಂಡಿದ್ದರು. ಹಾರ್ವರ್ಡಿನ ಜಾರ್ಜ್ ಕಿಂಗ್ಸ್‌ಲಿ ಜಿಫ್ 1935ರ ಮತ್ತು 1949ರ ಪುಸ್ತಕಗಳಲ್ಲಿ ಅದನ್ನು ಪ್ರಸಿದ್ಧಿಗೆ ತಂದರು. ಆಮೇಲೆ 1950ರ ದಶಕದಲ್ಲಿ ಗಣಿತಜ್ಞ ಮ್ಯಾಂಡೆಲ್‌ಬ್ರಾಟ್ ಸ್ಥಾನಕ್ಕೆ ಒಂದು ಸಣ್ಣ ಸಂಖ್ಯೆ ಕೂಡಿಸಿ ತಲೆಯ ಬಾಗನ್ನು ಸೂತ್ರದೊಳಗೆ ಸೇರಿಸಿಕೊಂಡರು: f = C/(r + b)^a. ಇಲ್ಲಿ f ಎಣಿಕೆ, r ಸ್ಥಾನ, b ಆ ಸಣ್ಣ ಸಂಖ್ಯೆ, C ಒಂದು ಸ್ಥಿರಾಂಕ. ನಿಮ್ಮ ಎಣಿಕೆಗೆ b = 2, a = 0.83, C = 3485 ಹಾಕಿ ನೋಡಿದೆ. ಸ್ಥಾನ 1, 10, 100, 1000ಕ್ಕೆ ಕ್ರಮವಾಗಿ 1400, 443, 75, 11 ಬರುತ್ತದೆ. ಹತ್ತನೆಯ ಸ್ಥಾನದಲ್ಲಿ ಮಾತ್ರ ತುಸು ಜಾಸ್ತಿ. ಪರಿಚಿತ ಆಕಾರವೇ. ಕನ್ನಡ ನಿಯಮ ಮುರಿದಿಲ್ಲ. ಸರಳ ರೂಪದ ನಿಯಮಕ್ಕೆ ಇಂಗ್ಲಿಷಿನ ತಲೆಭಾಗ ಅದೃಷ್ಟವಶಾತ್ ಹೆಚ್ಚು ಒಪ್ಪುತ್ತದೆ, ಅಷ್ಟೇ.

ಆ ಅದೃಷ್ಟದ ಕಾರಣ ವ್ಯಾಕರಣದಲ್ಲಿದೆ. ಅಮೆರಿಕನ್ ಇಂಗ್ಲಿಷಿನ ಹತ್ತು ಲಕ್ಷ ಪದಗಳ ಬ್ರೌನ್ ಸಂಗ್ರಹದಲ್ಲಿ ‘ದ’ ಎಂಬ ನಿರ್ದೇಶಕ ಪದವೊಂದೇ ನೂರಕ್ಕೆ ಸುಮಾರು ಏಳು ಪಾಲು. ಎರಡನೆಯ ಸ್ಥಾನದ ‘ಆಫ್’ ಅದರ ಅರ್ಧದಷ್ಟು, ಸುಮಾರು ಮೂರೂವರೆ ಪಾಲು. ಸೂತ್ರ ಕೇಳುವುದೂ ಅದನ್ನೇ. ಕನ್ನಡದಲ್ಲಿ ಮೊದಲನೆಯದು ಇಲ್ಲವೇ ಇಲ್ಲ. ಎರಡನೆಯದರ ಕೆಲಸವನ್ನು ‘ಮನೆಯ’ ಎಂಬಲ್ಲಿನ ಷಷ್ಠೀ ಪ್ರತ್ಯಯ ಪದದ ಒಳಗೇ ಕೂತು ಮಾಡುತ್ತದೆ. ಇಂಗ್ಲಿಷಿನಲ್ಲಿ ಪಟ್ಟಿಯ ನೆತ್ತಿಗೇರುವ ಸಣ್ಣ ಪದಗಳು ನಮ್ಮಲ್ಲಿ ‘ಗೆ’, ‘ಇಂದ’, ‘ಅಲ್ಲಿ’ಗಳಾಗಿ ಸಾವಿರಾರು ನಾಮಪದಗಳ ಬಾಲಕ್ಕೆ ಹಂಚಿಹೋಗಿವೆ. ಹಾಗಾಗಿ ನಿಮ್ಮ ತಂದೆಯವರ ಕಾದಂಬರಿಯಲ್ಲಿ ಮೊದಲ ಸ್ಥಾನದ ಪದಕ್ಕೆ ಸಿಕ್ಕಿದ್ದು ನೂರಕ್ಕೆ ಒಂದೂವರೆಗಿಂತ ತುಸು ಹೆಚ್ಚು ಪಾಲು ಮಾತ್ರ. ನೆತ್ತಿ ತಗ್ಗಾಯಿತು, ತಲೆಯ ಇಳಿಜಾರು ಸಪಾಟಾಯಿತು.

ಅದೇ ಪ್ರತ್ಯಯಗಳು ಬಾಲವನ್ನು ಉದ್ದ ಮಾಡುತ್ತವೆ. ‘ಮನೆ’ ಎಂದು ಕಡತದಲ್ಲಿ ಹುಡುಕಿ ನೋಡಿ. ಮನೆಯ, ಮನೆಗೆ, ಮನೆಯಲ್ಲಿ, ಮನೆಯಿಂದ ತುಂಬ ಬಾರಿ ಬಂದಿವೆ. ಮನೆಯಲ್ಲೇ, ಮನೆಗೂ, ಮನೆಯವರೆಲ್ಲ ಎರಡು ಮೂರು ಸಲ. ಮನೆಯಲ್ಲಿದ್ದವರಿಗೂ, ಮನೆಯೊಳಗಿನಿಂದಲೇ ಒಂದೊಂದೇ ಸಲ. ಓದುಗನಿಗೆ ಇದೆಲ್ಲ ಒಂದೇ ಮನೆ. ಎಣಿಸುವ ಪ್ರೋಗ್ರಾಮಿಗೆ ಒಂಬತ್ತು ಬೇರೆ ಬೇರೆ ಪದಗಳು. ಕ್ರಿಯಾಪದಗಳ ಕಥೆ ಇನ್ನೂ ದೊಡ್ಡದು. ಕಾಲ, ಲಿಂಗ, ವಚನ, ನಿಷೇಧ, ಮೇಲೊಂದು ‘ಏ’ ಅಥವಾ ‘ಊ’ ಸೇರಿದರೆ ಒಂದು ಧಾತುವಿಗೆ ನೂರಾರು ರೂಪ. ನಿಮ್ಮ 27,000 ಬೇರೆ ಬೇರೆ ರೂಪಗಳಲ್ಲಿ 18,000 ಒಮ್ಮೆ ಮಾತ್ರ ಬಂದಿರುವುದಕ್ಕೆ ಇದೇ ಮುಖ್ಯ ಕಾರಣ.

ಈ 18,000ವನ್ನು ಇನ್ನೊಂದು ಇಳಿಜಾರಾಗಿ ಓದಬಹುದು. ಗೆರೆ ಎಲ್ಲೆಡೆ ಒಂದೇ ಘಾತದ್ದಾಗಿದ್ದರೆ, ಒಮ್ಮೆ ಮಾತ್ರ ಬರುವ ರೂಪಗಳ ಪಾಲು ಒರಟಾಗಿ 1 − 2^(−1/a) ಆಗಬೇಕು. a = 1 ಆದಾಗ ಇದು ಸರಿಯಾಗಿ ಅರ್ಧ. 0.77ಕ್ಕೆ ನೂರಕ್ಕೆ 59. ನಿಮ್ಮಲ್ಲಿರುವುದು 67, ಅಂದರೆ ಬಾಲದಲ್ಲಿ a ಸುಮಾರು 0.63ಕ್ಕೆ ಇಳಿದಿದೆ. ತಲೆಯಲ್ಲಿ 0.54, ನಡುವೆ 0.83, ಬಾಲದಲ್ಲಿ 0.63. ನೀವು ಹಾಕಿದ 0.77 ಎಂಬುದು ಈ ಮೂರನ್ನೂ ಬೆರೆಸಿ ತೆಗೆದ ಸರಾಸರಿ, ಗೆರೆಯ ಯಾವ ಭಾಗದ ಗುಣವೂ ಅಲ್ಲ.

ಆ ಸರಾಸರಿಯೂ ಸಮಪಾಲಿನದಲ್ಲ. ಗೆರೆ ಕೂರಿಸಿದಾಗ ನಿಮ್ಮ ನಕ್ಷೆಯಲ್ಲಿ 27,000 ಚುಕ್ಕೆಗಳಿದ್ದವು. ಅವುಗಳಲ್ಲಿ ಮೂರನೇ ಎರಡು ಪಾಲು, 9,000ದಿಂದ 27,000ದವರೆಗಿನವು, ಒಂದೇ ಮಟ್ಟದಲ್ಲಿ ಅಡ್ಡಡ್ಡ ಮಲಗಿವೆ. ಲಾಗ್ ಅಳತೆಯಲ್ಲಿ ಅವು ಹಿಡಿದಿರುವ ಜಾಗ ಒಂದು ಹತ್ತುಪಟ್ಟಿನ ಅರ್ಧಕ್ಕಿಂತ ಕಡಿಮೆ. ಒಂದರಿಂದ ನೂರರವರೆಗೆ, ಕಾದಂಬರಿಯ ಗಣನೀಯ ಭಾಗವನ್ನು ಹೊತ್ತಿರುವ ಎರಡು ಹತ್ತುಪಟ್ಟುಗಳಲ್ಲಿ ಬರೀ ನೂರು ಚುಕ್ಕೆಗಳು. ಗೆರೆ ಕೂರಿಸುವ ಕನಿಷ್ಠ ವರ್ಗಗಳ ವಿಧಾನಕ್ಕೆ ಇದೆಲ್ಲ ಗೊತ್ತಿಲ್ಲ, ಪ್ರತಿ ಚುಕ್ಕೆಗೂ ಒಂದೊಂದು ಮತ ಕೊಡುತ್ತದೆ. ಗೆರೆ ಚುಕ್ಕೆಗಳಿಗೆ ಎಷ್ಟು ಹೊಂದುತ್ತದೆಂದು ಹೇಳುವ R² 0.93 ಎಂಬುದನ್ನೂ ಮೆಚ್ಚಬೇಡಿ. ದೊಡ್ಡದರಿಂದ ಚಿಕ್ಕದಕ್ಕೆ ನೀವೇ ಜೋಡಿಸಿದ ಸಾಲು ಇಳಿಯದೆ ಇನ್ನೇನು ಮಾಡೀತು? ಹಾಗೆ ಜೋಡಿಸಿದ ಯಾವ ಅಂಕಿಸಂಖ್ಯೆಗೂ, ಅದು ಘಾತ ನಿಯಮ ಪಾಲಿಸಲಿ ಬಿಡಲಿ, R² ಹೆಚ್ಚಾಗಿಯೇ ಬರುತ್ತದೆ. ಗೆರೆ ಮತ್ತು ಚುಕ್ಕೆಗಳ ನಡುವಿನ ಅಂತರವನ್ನು ಬೇರೆ ನಕ್ಷೆಯಾಗಿ ಹಾಕಿ ನೋಡಿ. ಅದು ಬಿಲ್ಲಿನಂತೆ ಬಾಗಿದ್ದರೆ ಒಂದೇ ಇಳಿಜಾರು ಹೇಳುವುದು ತಪ್ಪು.

ಹಾಗಾದರೆ ಏನು ವರದಿ ಮಾಡಬೇಕು? ನಾನಾದರೆ ಸ್ಥಾನ 10ರಿಂದ 1,000ದವರೆಗಿನ ಇಳಿಜಾರನ್ನು, ಆ ಮಿತಿಯನ್ನೂ ಸೇರಿಸಿ ಹೇಳುತ್ತೇನೆ. ಚುಕ್ಕೆಗಳನ್ನು ಲಾಗ್ ಅಳತೆಯಲ್ಲಿ ಸಮ ಅಂತರಕ್ಕೆ ಆರಿಸಿಕೊಂಡರೆ ಬಾಲದ ದಬ್ಬಾಳಿಕೆ ತಪ್ಪುತ್ತದೆ. ನಿಮ್ಮ ಕಡತದಲ್ಲಿ ಈ ಭಾಗದ ಇಳಿಜಾರು −0.78, ಎಂದರೆ ಹತ್ತು ಪಟ್ಟು ಇಳಿದಾಗ ಎಣಿಕೆ ಆರರಲ್ಲಿ ಒಂದು ಭಾಗ. ಇಡೀ ಗೆರೆಯ −0.77ಕ್ಕೆ ಇಷ್ಟು ಹತ್ತಿರ ಬಂದದ್ದು ಕಾಕತಾಳೀಯ; ಬಾಗುಗಳು ಒಂದನ್ನೊಂದು ಸರಿದೂಗಿಸಿವೆ.

ಪ್ರತ್ಯಯಗಳನ್ನು ಬಿಡಿಸಿ ಎಣಿಸುವ ದಾರಿಯೂ ಇದೆ. ‘ಮನೆಯಲ್ಲಿ’ ಎಂಬುದನ್ನು ‘ಮನೆ’ ಮತ್ತು ‘ಅಲ್ಲಿ’ ಎಂದು ಎರಡಾಗಿಸಿದರೆ ಪ್ರತ್ಯಯಗಳು ನೆತ್ತಿಗೇರುತ್ತವೆ, ಬಾಲ ಮೊಟಕಾಗುತ್ತದೆ, ಇಳಿಜಾರು −1ರ ಕಡೆಗೆ ಸರಿಯುತ್ತದೆ. ಇದು ಕನ್ನಡವನ್ನು ತಿದ್ದಿ ನಿಯಮಕ್ಕೆ ಒಗ್ಗಿಸಿದಂತಲ್ಲ, ಎಣಿಸುವ ವಸ್ತುವನ್ನೇ ಬದಲಿಸಿದಂತೆ. ಅಪಾಯವೆಂದರೆ ಪದ ಬಿಡಿಸುವ ತಂತ್ರಾಂಶ ಸೋಲುವುದು ಹೆಚ್ಚಾಗಿ ಅಪರೂಪದ, ಪ್ರಾದೇಶಿಕ ಪದಗಳ ಬಳಿಯೇ. ಸೋತ ರೂಪಗಳೆಲ್ಲ ಬಾಲದಲ್ಲಿ ಉಳಿದು, ನೀವು ಅಳೆಯುವುದು ಲೇಖಕರನ್ನೋ ತಂತ್ರಾಂಶದ ಮಿತಿಯನ್ನೋ ಎಂದು ತಿಳಿಯದಂತಾಗುತ್ತದೆ. ಈ ದಾರಿ ಹಿಡಿದರೆ ಒಮ್ಮೆ ಮಾತ್ರ ಬಂದ ರೂಪಗಳಿಂದ ಇನ್ನೂರನ್ನು ಚೀಟಿ ಎತ್ತಿದ ಹಾಗೆ ಆರಿಸಿ ಕೈಯಿಂದ ಪರೀಕ್ಷಿಸಿ. ಐದರಲ್ಲಿ ಒಂದು ತಪ್ಪಿದ್ದರೂ ನಾನು ಆ ಇಳಿಜಾರನ್ನು ಮುದ್ರಿಸುವುದಿಲ್ಲ.

ಪದಸಂಪತ್ತಿನ ಮಾತಿಗೆ ಬರುತ್ತೇನೆ, ನಿಮ್ಮ ಮನಸ್ಸು ಇರುವುದು ಅಲ್ಲಿ ಎಂದು ಗೊತ್ತು. ಇಳಿಜಾರು ಸಪಾಟಾದರೆ ಪದಸಂಪತ್ತು ಹೆಚ್ಚು ಎಂಬ ಮಾತಿನಲ್ಲಿ ಒಂದು ಎಳೆ ನಿಜವಿದೆ: ಉಳಿದೆಲ್ಲ ಸಮವಿದ್ದರೆ, ಹೆಚ್ಚು ಬಗೆಯ ರೂಪ ಬಳಸಿದವರ ಗೆರೆ ಸಪಾಟಾಗಿರುತ್ತದೆ. ಉಳಿದೆಲ್ಲ ಸಮವಿರುವುದೇ ಅಪರೂಪ. ‘ಮಾಡಿಬಿಟ್ಟನು’ ಎಂದು ಕೂಡಿಸಿ ಬರೆಯುವವರೂ ‘ಮಾಡಿ ಬಿಟ್ಟನು’ ಎಂದು ಬಿಡಿಸಿ ಬರೆಯುವವರೂ ಇದ್ದಾರೆ. ‘ಹಾಗೆಂದು’, ‘ಹಾಗೆ ಎಂದು’ ಕೂಡ ಹೀಗೆಯೇ. ಒಮ್ಮೆ ಒಂದೇ ಹಸ್ತಪ್ರತಿಯ ಎರಡು ಅಧ್ಯಾಯಗಳು ಬೇರೆ ಬೇರೆ ಇಳಿಜಾರು ಕೊಟ್ಟಾಗ ಲೇಖಕರು ನಡುವೆ ಶೈಲಿ ಬದಲಿಸಿದ್ದಾರೆಂದು ನಾನು ಉದ್ದದ ಟಿಪ್ಪಣಿ ಬರೆದಿದ್ದೆ. ಆಮೇಲೆ ತಿಳಿಯಿತು, ಬದಲಾದದ್ದು ಟೈಪ್ ಮಾಡಿದವರು. ಸಂಭಾಷಣೆ ಆಡುಮಾತಿನಲ್ಲಿದ್ದು ನಿರೂಪಣೆ ಗ್ರಾಂಥಿಕವಾಗಿದ್ದರೂ ಒಂದೇ ಕ್ರಿಯಾಪದ ಎರಡು ವೇಷದಲ್ಲಿ ಎಣಿಕೆಗೆ ಸಿಗುತ್ತದೆ.

ಪಠ್ಯದ ಉದ್ದ ಇನ್ನೂ ದೊಡ್ಡ ತೊಡಕು. ಬೇರೆ ಬೇರೆ ಪದರೂಪಗಳ ಸಂಖ್ಯೆ ಪಠ್ಯದೊಂದಿಗೆ ಬೆಳೆಯುತ್ತಲೇ ಇರುತ್ತದೆ, ಆದರೆ ನಿಧಾನಿಸುತ್ತಾ. ಆದ್ದರಿಂದ 86,000 ಪದಗಳ ಕಾದಂಬರಿಯನ್ನು ಎರಡು ಲಕ್ಷ ಪದಗಳ ಕಾದಂಬರಿಯ ಪಕ್ಕದಲ್ಲಿಟ್ಟರೆ ಚಿಕ್ಕದರಲ್ಲಿ ಒಮ್ಮೆ ಮಾತ್ರ ಬಂದ ರೂಪಗಳ ಪಾಲು ತಾನಾಗಿಯೇ ಹೆಚ್ಚು ಕಾಣುತ್ತದೆ. ನಿಮ್ಮ ಪಠ್ಯದ ಮೊದಲ 20,000 ಪದಗಳನ್ನು ಮಾತ್ರ ತೆಗೆದುಕೊಂಡು ಅದೇ ಪಾಲನ್ನು ಲೆಕ್ಕ ಹಾಕಿ. 67ಕ್ಕಿಂತ ಮೇಲೇರುವುದನ್ನು ನೀವೇ ನೋಡುತ್ತೀರಿ. ತಂದೆಯವರು ಬದಲಾಗಿಲ್ಲ, ಕತ್ತರಿ ಬದಲಾಗಿದೆ.

ಹೋಲಿಸಲೇಬೇಕೆಂದಿದ್ದರೆ ಇಳಿಜಾರನ್ನು ಬಿಡಿ. ಅದೇ ಕಾಲದ, ಅದೇ ಬಗೆಯ ನಾಲ್ಕೈದು ಕಾದಂಬರಿಗಳಿಂದ ತಲಾ 25,000 ಪದಗಳ ತುಂಡು ತೆಗೆದುಕೊಂಡು, ಎಲ್ಲಕ್ಕೂ ಮೇಲಿನ ಪ್ರೋಗ್ರಾಮನ್ನೇ ಓಡಿಸಿ, ಬೇರೆ ಬೇರೆ ರೂಪಗಳೆಷ್ಟು ಎಂದಷ್ಟೇ ಎಣಿಸಿ. ಪ್ರತಿ ಕಾದಂಬರಿಯಿಂದ ಆದಿ, ಮಧ್ಯ, ಅಂತ್ಯದ ತುಂಡುಗಳನ್ನು ಬೇರೆ ಬೇರೆಯಾಗಿ ಎಣಿಸಿದರೆ ಒಬ್ಬರದೇ ಬರಹದೊಳಗೆ ಸಂಖ್ಯೆ ಎಷ್ಟು ಓಲಾಡುತ್ತದೆ ಎಂಬುದೂ ತಿಳಿಯುತ್ತದೆ. ಇಬ್ಬರು ಲೇಖಕರ ನಡುವಿನ ವ್ಯತ್ಯಾಸ ಈ ಓಲಾಟಕ್ಕಿಂತ ದೊಡ್ಡದಾದರೆ ಮಾತ್ರ ಮಾತಾಡಲು ಏನಾದರೂ ಇದೆ. ಅದಾದ ಮೇಲೂ ‘ಹೆಚ್ಚು ಪದರೂಪಗಳು’ ಎಂದು ಬರೆಯಿರಿ, ‘ಹೆಚ್ಚು ಪದಗಳು’ ಎಂದಲ್ಲ.

ಮುನ್ನುಡಿಗೆ ಸಂಖ್ಯೆ ಬೇಕೇ ಬೇಕಾದರೆ ಇರುವುದನ್ನೇ ಹೇಳಬಹುದು: 86,000 ಪದಗಳು, 27,000 ರೂಪಗಳು, ಅವುಗಳಲ್ಲಿ ಒಮ್ಮೆ ಮಾತ್ರ ಬಂದವು 18,000. ಅದಕ್ಕೆ ಮುಂಚೆ ಒಂದು ಕೆಲಸವಿದೆ. ಬೆರಳಚ್ಚಿನ ತಪ್ಪುಗಳು ಹೆಚ್ಚಾಗಿ ಒಂದೊಂದೇ ಸಲ ಬರುವುದರಿಂದ ಬಹುಪಾಲು ಈ 18,000ದೊಳಗೇ ಬಂದು ಸೇರಿಕೊಂಡಿರುತ್ತವೆ. ಆ ಪಟ್ಟಿಯನ್ನು ಅಕಾರಾದಿಯಾಗಿ ಜೋಡಿಸಿ, ದಿನಕ್ಕೆ ಐನೂರರಂತೆ ಓದಿ. ತಪ್ಪು ರೂಪ ಎಷ್ಟೋ ಸಲ ಸರಿ ರೂಪದ ಪಕ್ಕದಲ್ಲೇ ನಿಂತಿರುತ್ತದೆ, ಸುಲಭವಾಗಿ ಸಿಗುತ್ತದೆ. ಐದಾರು ವಾರಗಳಲ್ಲಿ ಕರಡು ತಿದ್ದಿದಂತೆಯೂ ಆಗುತ್ತದೆ, 18,000 ಎಂಬುದು ಎಷ್ಟಕ್ಕೆ ಇಳಿಯಿತು ಎಂದೂ ತಿಳಿಯುತ್ತದೆ. ಆಗ ಹೊಸ ಕಡತ ಕಳುಹಿಸಿ, ಬಾಲದ ಇಳಿಜಾರನ್ನು ಮತ್ತೊಮ್ಮೆ ನೋಡೋಣ.